ಎಲ್ಲಿಗಮ್ಮ?



2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಹೆಂಗಸರು ರಾಜ್ಯದೊಳಗೆ ಎಲ್ಲಿಗೆ ಹೋದರೂ ದುಡ್ಡು ಕೊಡಬೇಕಿಲ್ಲ. ಹಾಗೆಂದು ಟಿಕೆಟ್ ಇಲ್ಲದೆ ಹೋಗುವಂತಿಲ್ಲ. ಕಂಡಕ್ಟರು ಚೀಟಿ ಹರಿದು ಕೊಡುತ್ತಾರೆ. ಹತ್ತಿದ ಊರು, ಇಳಿಯುವ ಊರು ಎರಡೂ ಅದರಲ್ಲಿ ಇರುತ್ತವೆ, ಕೊಡಬೇಕಾದ ಹಣ ಮಾತ್ರ ಸೊನ್ನೆ. ಇದರ ಖರ್ಚುವೆಚ್ಚದ ವಾದ ಅರಳಿಕಟ್ಟೆಯಿಂದ ವಿಧಾನಸೌಧದವರೆಗೂ ಆಗಿದೆ, ಆಗಲಿ. ನನ್ನ ತಲೆಯಲ್ಲಿ ಉಳಿದದ್ದು ಬೇರೆ ಒಂದು ಸಂಗತಿ. ಆ ಸೊನ್ನೆ ಟಿಕೆಟ್ ಬೇಕೆಂದರೆ ಹೆಂಗಸಿನ ಕೈಯಲ್ಲಿ ಅವಳ ಗುರುತಿನ ಚೀಟಿ ಇರಬೇಕು. ಕಂಡಕ್ಟರು ‘ಎಲ್ಲಿಗಮ್ಮ?’ ಎಂದಾಗ ಊರಿನ ಹೆಸರು ಅವಳ ಬಾಯಿಂದ ಬರಬೇಕು.

ಇದೇನು ಮಹಾ ಎನ್ನಬೇಡಿ. ಮದ್ದೂರಿನ ಆಸುಪಾಸಿನಲ್ಲಿ ನಾಲೆ ನೀರಿನ ಹಳ್ಳಿಗಳಿವೆ. ಕಬ್ಬು, ಭತ್ತ, ಒಂದಿಷ್ಟು ತೆಂಗು. ಅಂಥ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕವ್ವ ಇದ್ದಾರೆ. ವಯಸ್ಸು ಐವತ್ತು ದಾಟಿದೆ. ಗದ್ದೆ ಕೆಲಸ, ದನದ ಕೆಲಸ, ಮದುವೆಮನೆಯ ಅಡುಗೆ, ಯಾವುದಕ್ಕೂ ಹಿಂಜರಿದವರಲ್ಲ. ಆದರೆ ಒಬ್ಬರೇ ಬಸ್ ಹತ್ತಿದವರೂ ಅಲ್ಲ. ತವರಿಗೆ ಹೋಗಬೇಕಾದರೆ ಅಣ್ಣ ಬಂದು ಕರೆದೊಯ್ಯಬೇಕು, ಆಸ್ಪತ್ರೆಗಾದರೆ ಮಗ, ಜಾತ್ರೆಗಾದರೆ ಚಿಕ್ಕಪ್ಪ. ಬಡತನದಿಂದ ಹೀಗಾಗಿತ್ತು ಎನ್ನುವಂತಿಲ್ಲ. ಬೆಳಗಿನ ಜಾವ ಸೊಪ್ಪಿನ ಮಂಕರಿ ಹೊತ್ತು ರೈಲು ಹತ್ತಿ ಪೇಟೆಗೆ ಹೋಗುವ ಹೆಂಗಸರು ನಮ್ಮ ಕಡೆ ಮೊದಲಿನಿಂದಲೂ ಇದ್ದಾರೆ, ಒಂಟಿ ಪ್ರಯಾಣ ಅವರಿಗೆ ಹೊಸದೇನಲ್ಲ. ಎರಡು ಎಕರೆ ಜಮೀನು, ಮುಂದೆ ಜಗಲಿ ಇರುವ ಮನೆಗಳಲ್ಲೇ ಹೆಂಗಸು ಒಬ್ಬಳೇ ಹೊರಟರೆ ಮಾತು ಏಳುವುದು. ಮರ್ಯಾದೆ ಎಂಬುದು ಸ್ವಲ್ಪ ಆಸ್ತಿ ಇದ್ದವರನ್ನೇ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ಚಿಕ್ಕವ್ವ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಹಸು ಈಯುವಾಗ ಕಷ್ಟವಾಗಿ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತು ಹೇಳಿಕೊಂಡ ಹರಕೆ. ಚಿಕ್ಕಪ್ಪನಿಗೆ ಮಂಡಿನೋವು. ಮಗ ಬೆಂಗಳೂರಿನಲ್ಲಿ, ‘ಮುಂದಿನ ತಿಂಗಳು ಹೋಗೋಣ ಕಣವ್ವ’ ಎನ್ನುತ್ತಲೇ ಇದ್ದ. ಒಂದು ದಿನ ಚಿಕ್ಕವ್ವ ತಮ್ಮ ಆಧಾರ್ ಕಾರ್ಡು ಕೇಳಿದರು. ಪಹಣಿ, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕಗಳ ಜೊತೆ ಅದು ಚಿಕ್ಕಪ್ಪನ ಸುಪರ್ದಿನಲ್ಲಿತ್ತು. ‘ಯಾಕೆ ನಿಂಗೆ?’ ಎಂದರಂತೆ. ‘ಬೆಟ್ಟಕ್ಕೋಗ್ಬೇಕು’ ಎಂದರಂತೆ. ‘ಯಾರ ಜೊತೆ?’ ಎಂಬ ಪ್ರಶ್ನೆಗೆ ಚಿಕ್ಕವ್ವ ಉತ್ತರ ಕೊಡಲಿಲ್ಲ, ಕಾರ್ಡಿನಲ್ಲಿದ್ದ ತಮ್ಮ ಹಳೆಯ ಫೋಟೊ ನೋಡುತ್ತ ನಿಂತರು. ಪ್ರಯಾಣದಲ್ಲಿ ಎಲ್ಲಕ್ಕಿಂತ ಕಷ್ಟದ ದಾರಿ ಆ ನಡುಮನೆಯದೇ ಆಗಿತ್ತು ಎಂದು ನನಗೆ ಅನ್ನಿಸುತ್ತದೆ.

ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಕೊಳ್ಳೇಗಾಲ, ಅಲ್ಲಿಂದ ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟ. ಈ ದಾರಿಯಲ್ಲಿ ಚಿಕ್ಕವ್ವ ಮದುವೆಯಾದಾಗಿನಿಂದ ಹೋಗಿಬಂದಿದ್ದಾರೆ. ಆದರೂ ಎಲ್ಲಿ ಬಸ್ ಬದಲಿಸಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ‘ಇಳಿ’ ಎಂದರೆ ಇಳಿಯುತ್ತಿದ್ದರು, ‘ಹತ್ತು’ ಎಂದರೆ ಹತ್ತುತ್ತಿದ್ದರು, ಸೀಟು ಸಿಕ್ಕಿದ ಕೂಡಲೇ ನಿದ್ದೆ. ಮನೆಯಲ್ಲಿ ಸಿಗದ ನಿದ್ದೆ ಅದು, ತಪ್ಪು ಹೇಳಲಾರೆ. ಜೊತೆಯಲ್ಲಿರುವವರು ಎಚ್ಚರವಾಗಿದ್ದಾರೆ ಎಂದಾಗ ನಮ್ಮ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಪರವಾಗಿ ಬೇರೆಯವರು ನೋಡುತ್ತಾರೆ, ಲೆಕ್ಕ ಹಾಕುತ್ತಾರೆ, ಜಗಳವಾಡುತ್ತಾರೆ. ನಾವು ಹೋಗಿಬಂದಿರುತ್ತೇವೆ, ದಾರಿ ಮಾತ್ರ ನಮ್ಮದಾಗಿರುವುದಿಲ್ಲ.

ಈ ಸಲ ನಿದ್ದೆ ಬರಲಿಲ್ಲ. ಇಳಿಯುವ ಜಾಗ ತಪ್ಪಿದರೆ ಎಂಬ ಹೆದರಿಕೆ. ಮಳವಳ್ಳಿ ದಾಟಿ ಸತ್ಯಗಾಲದ ಹತ್ತಿರ ಕಾವೇರಿಯ ಸೇತುವೆ ಬಂದಾಗ ಕಿಟಕಿಗೆ ಮುಖ ಇಟ್ಟು ನೋಡಿದರಂತೆ. ‘ಇಷ್ಟು ದೊಡ್ಡ ಹೊಳೆ ದಾಟ್ಕೊಂಡೋಗ್ತಿದ್ವಾ ನಾವು?’ ಎಂದು ನನ್ನನ್ನು ಕೇಳಿದರು. ತಮ್ಮ ಗದ್ದೆಗೆ ನಾಲೆಯಲ್ಲಿ ಬರುವ ಅದೇ ನೀರನ್ನು ಕೊಳ್ಳೇಗಾಲದ ದಾರಿಯಲ್ಲಿ ದಾಟುತ್ತಿದ್ದೇವೆ ಎಂಬುದು ಅವರಿಗೆ ಹೊಳೆದದ್ದೇ ಅವತ್ತು. ಹೆದರಿಕೆಯಿಂದ ಶುರುವಾದ ಎಚ್ಚರ ಹೀಗೆ ಎಲ್ಲೋ ಒಂದು ಕಡೆ ಬೆರಗಿಗೆ ತಿರುಗುತ್ತದೆ. ಯಾವ ಗಳಿಗೆಯಲ್ಲಿ ಎಂದು ಹೇಳುವುದು ಕಷ್ಟ. ಬ್ಯಾಗನ್ನು ಎದೆಗೆ ಒತ್ತಿ ಹಿಡಿದ ಕೈ ಸಡಿಲವಾಗಿರುವುದು ನಮಗೇ ತಡವಾಗಿ ತಿಳಿಯುತ್ತದೆ.

ಪಕ್ಕದಲ್ಲಿ ಕೂತ ಹೆಂಗಸು, ‘ಜೊತೇಲಿ ಯಾರು ಬಂದವ್ರೆ?’ ಎಂದು ಕೇಳಿದರು. ಚಿಕ್ಕವ್ವ ತಡವರಿಸದೆ, ‘ನನ್ನ ಮಗ ಹಿಂದಿನ ಸೀಟಲ್ಲವ್ನೆ’ ಎಂದುಬಿಟ್ಟರು. ಈ ಸುಳ್ಳನ್ನು ನಾನು ಹಗುರವಾಗಿ ನೋಡಲಾರೆ. ಅದರಲ್ಲಿ ಜಾಣತನವೂ ಇದೆ, ಗುರುತಿಲ್ಲದವರ ಮುಂದೆ ಒಬ್ಬಳೇ ಇದ್ದೇನೆಂದು ಹೇಳಿಕೊಳ್ಳದಿರುವುದು ಎಷ್ಟೋ ಸಲ ಒಳ್ಳೆಯದೇ. ಆದರೆ ಚಿಕ್ಕವ್ವ ಅಂದದ್ದು ಬೇರೆ. ‘ಕಳ್ಳರ ಭಯ ಇರ್ನಿಲ್ಲ ಕಣಪ್ಪ, ನಾಚ್ಕೆ ಆಯ್ತು’ ಎಂದರು. ಯಾರೂ ಇಲ್ಲದ ಹೆಂಗಸು ಎಂದುಕೊಂಡಾರು ಎಂಬ ನಾಚಿಕೆ.

ಕೊಳ್ಳೇಗಾಲದಲ್ಲಿ ಹಸಿವಾಯಿತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋದರು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರಂತೆ, ಒಳಗೆ ಒಬ್ಬ ಹೆಂಗಸಾದರೂ ಇದ್ದಾಳೆಯೇ ಎಂದು ನೋಡಲು. ಸಪ್ಲೈಯರ್ ಹುಡುಗ ಬಂದು, ‘ಏನ್ ಕೊಡ್ಲಮ್ಮ?’ ಎಂದ. ಚಿಕ್ಕವ್ವನಿಗೆ ಮಾತು ಹೊರಡಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವವರು, ಹೊರಗೆ ಹೋದರೆ ಚಿಕ್ಕಪ್ಪ ತರಿಸಿದ್ದು ತಿನ್ನುವವರು. ಹುಡುಗ ಎರಡನೇ ಸಲ ಕೇಳಿದ. ‘ಮಸಾಲೆ ದೋಸೆ’ ಎಂದರು. ತಿಂದಾದ ಮೇಲೆ ಹುಡುಗ ‘ಟೀನಾ, ಕಾಫೀನಾ?’ ಎಂದ. ಅವರ ಮನೆಯಲ್ಲಿ ಮಾಡುವುದು ಟೀ. ಚಿಕ್ಕಪ್ಪನಿಗೆ ಕಾಫಿ ಕುಡಿದರೆ ಎದೆಯುರಿ, ಹಾಗಾಗಿ ಮೂವತ್ತು ವರ್ಷದಿಂದ ಇಡೀ ಮನೆಗೆ ಟೀ. ಚಿಕ್ಕವ್ವ ಕಾಫಿ ಕುಡಿದರು. ‘ನಂಗೆ ಕಾಫಿನೇ ಇಷ್ಟ ಇತ್ತು ಅಂತ ಮರ್ತೋಗಿತ್ತು ನೋಡು’ ಎಂದು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ.

ಕೊಳ್ಳೇಗಾಲದಿಂದ ಬೆಟ್ಟಕ್ಕೆ ಖಾಸಗಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಶಕ್ತಿಯ ಟಿಕೆಟ್ ನಡೆಯುವುದಿಲ್ಲ. ಬೆಟ್ಟ, ಬೆಟ್ಟ ಎಂದು ಕೂಗಿದ ಬಸ್ಸಿಗೆ ಹತ್ತಿ, ಕೇಳಿ, ಇಳಿದು, ಸರ್ಕಾರಿ ಬಸ್ಸಿಗೆ ಕಾದರು. ಹನೂರಿನವರೆಗೂ ಮನಸ್ಸೆಲ್ಲ ಮನೆಯಲ್ಲೇ. ಹಸುವಿಗೆ ನೀರಿಟ್ಟರೋ ಇಲ್ಲವೋ, ಮುದ್ದೆಗೆ ಮಾಡಿಟ್ಟ ಸಾರು ಬಿಸಿ ಮಾಡಿಕೊಂಡರೋ ಇಲ್ಲವೋ. ಫೋನು ಮಾಡುತ್ತಲೇ ಇದ್ದರು. ತಾಳಬೆಟ್ಟ ದಾಟಿ ತಿರುವುಗಳು ಶುರುವಾದ ಮೇಲೆ ಸಿಗ್ನಲ್ ಹೋಯಿತು. ಅಂತರಗಂಗೆಯಲ್ಲಿ ಮಿಂದು, ಸಾಲಿನಲ್ಲಿ ನಿಂತು, ಮಾದಪ್ಪನ ಮುಂದೆ ಕೈಮುಗಿದು, ದಾಸೋಹದಲ್ಲಿ ಊಟಕ್ಕೆ ಕೂತಾಗ ಒಂದು ವಿಷಯ ಗೊತ್ತಾಗಿ ಎದೆ ಧಸಕ್ಕೆಂದಿತು. ಬಹಳ ಹೊತ್ತಿನಿಂದ ಮನೆಯ ನೆನಪೇ ಬಂದಿರಲಿಲ್ಲ.

ನಾನು ಈ ಗಳಿಗೆಯನ್ನೇ ಮತ್ತೆ ಮತ್ತೆ ನೆನೆಯುತ್ತೇನೆ. ಒಬ್ಬರೇ ಪ್ರಯಾಣ ಹೊರಟವರಿಗೆ ಧೈರ್ಯ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಧೈರ್ಯಕ್ಕಿಂತ ಮೊದಲು ಬರುವುದು ಇಂಥದೊಂದು ಅಪರಾಧಿ ಭಾವ. ನಾನಿಲ್ಲದೆ ಆ ಮನೆ ನಡೆಯುತ್ತಿದೆ, ಮನೆಯಿಲ್ಲದೆ ನಾನೂ ಇದ್ದೇನೆ, ಊಟ ರುಚಿಯಾಗಿಯೇ ಇದೆ. ಇದನ್ನು ಒಪ್ಪಿಕೊಳ್ಳುವುದು ಹೆಣ್ಣಿಗೆ ಸುಲಭವಲ್ಲ. ತಾನಿಲ್ಲದಿದ್ದರೆ ಒಲೆ ಉರಿಯದು ಎಂಬ ನಂಬಿಕೆಯೇ ಅವಳಿಗೆ ಭಾರ, ಅದೇ ಅವಳ ಗೌರವ ಕೂಡ. ಚಿಕ್ಕವ್ವ ಅಲ್ಲಿ ಸ್ವಲ್ಪ ಅತ್ತರಂತೆ. ಎದುರು ಕೂತಿದ್ದ ತಮಿಳುನಾಡಿನ ಮುದುಕಿಯೊಬ್ಬರು ತಮಿಳಿನಲ್ಲಿ ಏನೋ ಕೇಳಿ, ತಮ್ಮ ಎಲೆಯ ಮುಂದಿನ ನೀರಿನ ಲೋಟ ಸರಿಸಿ ಕೊಟ್ಟರು. ಚಿಕ್ಕವ್ವ ಅಳುವುದನ್ನು ಬಿಟ್ಟು ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ವಾಪಸು ಬರುವಾಗ ಒಂದು ಎಡವಟ್ಟಾಯಿತು. ಕೊಳ್ಳೇಗಾಲದಲ್ಲಿ ಬೆಂಗಳೂರು ಬೋರ್ಡಿನ ಬಸ್ ಕಂಡಿತು. ಬೆಂಗಳೂರಿಗೆ ಹೋಗುವ ಬಸ್ಸು ಮದ್ದೂರಿನ ಮೇಲೆ ಹೋಗಲೇಬೇಕಲ್ಲ ಎಂದು ಹತ್ತಿ ಕೂತರು. ನಮ್ಮ ಕಡೆಯವರಿಗೆ ಬೆಂಗಳೂರಿನ ದಾರಿ ಅದೊಂದೇ. ಕಂಡಕ್ಟರು, ‘ಎಲ್ಲಿಗಮ್ಮ?’ ಎಂದಾಗ ‘ಮದ್ದೂರು’ ಎಂದರು. ‘ಇದು ಮದ್ದೂರಿಗೆ ಹೋಗಲ್ಲಮ್ಮ, ಹಲಗೂರು, ಕನಕಪುರದ ಮೇಲೆ ಹೋಗೋದು’ ಎಂದರು ಅವರು. ಮಳವಳ್ಳಿಯಲ್ಲಿ ದಾರಿ ಎರಡಾಗುತ್ತದೆ, ಒಂದು ಮದ್ದೂರಿಗೆ, ಒಂದು ಕನಕಪುರಕ್ಕೆ. ಬೆಳಿಗ್ಗೆಯಾಗಿದ್ದರೆ ಚಿಕ್ಕವ್ವ ಅಲ್ಲೇ ಕುಸಿದು ಕೂರುತ್ತಿದ್ದರೇನೋ. ಈಗ ಒಂದು ಕ್ಷಣ ಯೋಚಿಸಿ, ‘ಹಂಗಾರೆ ಮಳವಳ್ಳಿಗೆ ಕೊಡಪ್ಪ’ ಎಂದರು. ಅವರಿಗೆ ಆ ಊರು ಎಲ್ಲಿ ಬರುತ್ತದೆಂದು ಗೊತ್ತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟುಕೊಂಡು ನೋಡಿದ್ದರಲ್ಲ, ಹೊಳೆ ದಾಟಿದ ಮೇಲೆ ಬರುವುದೇ ಮಳವಳ್ಳಿ.

ಮಳವಳ್ಳಿ ನಿಲ್ದಾಣದಲ್ಲಿ ಕತ್ತಲಾಗುತ್ತಿತ್ತು. ಮದ್ದೂರು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅಲ್ಲಿದ್ದ ಕಾಲೇಜು ಹುಡುಗಿಯನ್ನು ಕೇಳಿದರು, ಕಡಲೆಕಾಯಿ ಮಾರುವವನನ್ನೂ ಕೇಳಿ ಖಾತ್ರಿ ಮಾಡಿಕೊಂಡರು. ಇಬ್ಬರ ಮಾತೂ ಒಂದೇ ಆದರೆ ನಂಬಬಹುದು ಎಂಬುದು ಅವರೇ ಕಂಡುಕೊಂಡ ಉಪಾಯ. ಒಬ್ಬರೇ ಹೋದರೂ ಅವತ್ತು ಅವರು ಮಾತಾಡಿಸಿದಷ್ಟು ಜನರನ್ನು ಗಂಡನ ಜೊತೆಯ ಯಾವ ಪ್ರಯಾಣದಲ್ಲೂ ಮಾತಾಡಿಸಿರಲಿಲ್ಲ. ಆ ಹುಡುಗಿ, ‘ಯಾರ ಜೊತೆ ಬಂದಿದ್ದೀರ ಆಂಟಿ?’ ಎಂದು ಕೇಳಿದಳು. ‘ಒಬ್ಳೇ ಕಣವ್ವ, ಬೆಟ್ಟಕ್ಕೋಗಿದ್ದೆ’ ಎಂದರು.

ಇದಾಗಿ ದಿನಗಳು ಕಳೆದವು. ಚಿಕ್ಕವ್ವ ಊರೂರು ಸುತ್ತುತ್ತಿದ್ದಾರೆ ಎಂದುಕೊಳ್ಳಬೇಡಿ. ಆಮೇಲೆ ಒಂದೋ ಎರಡೋ ಕಡೆ ಹೋಗಿರಬಹುದು, ಅಷ್ಟೆ. ಬದಲಾದದ್ದು ಮನೆಯೊಳಗೆ. ಕಬ್ಬು ಕಡಿದು ಕಾರ್ಖಾನೆಗೆ ಹೋದ ಮೇಲೆ, ‘ದುಡ್ಡು ಯಾವ ಬ್ಯಾಂಕಿಗೆ ಬಂತು, ಎಷ್ಟು ಬಂತು, ಸಾಲಕ್ಕೆ ಎಷ್ಟು ಮುರ್ಕೊಂಡ್ರು?’ ಎಂದು ಕೇಳತೊಡಗಿದ್ದಾರೆ. ಹಿಂದೆ ಅವರು ಇದನ್ನು ಕೇಳಿದವರೇ ಅಲ್ಲ, ಆ ಲೆಕ್ಕ ನೋಡಲು ಚಿಕ್ಕಪ್ಪ ಇದ್ದರಲ್ಲ. ಚಿಕ್ಕಪ್ಪನಿಗೆ ಇದರಿಂದ ಬೇಸರವಾಗಿದೆ. ‘ಒಂದ್ಸಲ ಬಸ್ ಹತ್ತಿ ಬಂದಿದ್ದೇ ಬಂದಿದ್ದು, ಲಾಯರಂಗಾಡ್ತಾಳೆ’ ಎಂದು ನನ್ನ ಹತ್ತಿರ ಹೇಳಿಕೊಂಡರು. ಅವರ ಬೇಸರವೂ ನಿಜದ್ದೇ. ಇಷ್ಟು ವರ್ಷ ಒಬ್ಬರೇ ಎಚ್ಚರವಾಗಿ ಕೂತು ದಾರಿ ನೋಡಿದವರು ಅವರು, ಈಗ ಪಕ್ಕದ ಸೀಟಿನವರು ಎದ್ದು ಪ್ರಶ್ನೆ ಕೇಳುತ್ತಿದ್ದಾರೆ. ನಾನು ಚಿಕ್ಕವ್ವನ ಪರವಾಗಿ ನಾಲ್ಕು ಮಾತಾಡಲು ಹೋದೆ. ಒಳಗಿನಿಂದ ಚಿಕ್ಕವ್ವನೇ ಕೂಗಿ ಹೇಳಿದರು, ‘ನೀನು ಸುಮ್ನಿರಪ್ಪ, ನಾನು ಮಾತಾಡ್ತೀನಿ.’