ತಲೆಗೆ ಬಂದದ್ದು ಮುಂಡಾಸಿಗೆ



ಜನವರಿ ಎಂದರೆ ರಸ್ತೆ ಸುರಕ್ಷತೆಯ ತಿಂಗಳು. ನಮ್ಮ ಹುಪರಿಯ ಕಡೆ ಅದೇ ಹೊತ್ತಿಗೆ ಕಬ್ಬಿನ ಹಂಗಾಮೂ ಜೋರಾಗಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಹಿಂದೆ ದೀಪವಿದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ರಸ್ತೆಯ ಮೇಲೆ ಕಬ್ಬಿನ ರವದಿ ಬಿದ್ದಿರುತ್ತದೆ. ಇವುಗಳ ಮಗ್ಗುಲಲ್ಲೇ ಬೆಳ್ಳಿ ಕೆಲಸದವರು, ಇಚಲಕರಂಜಿಯ ಮಗ್ಗಗಳಿಗೆ ಪಾಳಿಯ ಮೇಲೆ ಹೋಗುವವರು, ಕೊಲ್ಹಾಪುರದ ಕಾಲೇಜಿನ ಹುಡುಗರು, ಎಲ್ಲರೂ ತಮ್ಮ ತಮ್ಮ ಗಾಡಿಗಳ ಮೇಲೆ ನುಸುಳಿಕೊಂಡು ಹೋಗುತ್ತಿರುತ್ತಾರೆ.

ಹೆಲ್ಮೆಟ್ ಹಾಕಿಕೊಳ್ಳಿ ಎಂದು ಗೋಡೆಗಳ ಮೇಲೆ ಬರೆಸಲು ಇಲ್ಲಿಯ ನಾಲ್ಕಾರು ಗೆಳೆಯರು ಈ ವಾರ ಸಾಲುಗಳನ್ನು ಒಟ್ಟು ಮಾಡಿದ್ದರು. ಕೆಲವು ಮರಾಠಿಯಲ್ಲಿ, ಕೆಲವು ಕನ್ನಡದಲ್ಲಿ. ಮನೆಯೊಳಗೆ ಒಂದು, ಪೇಟೆಯಲ್ಲಿ ಇನ್ನೊಂದು ಮಾತಾಡುವ ಗಡಿ ಊರಿಗೆ ಎರಡೂ ಬೇಕಲ್ಲ. ‘ಗುರೂಜಿ, ನೀವು ಒಮ್ಮೆ ಕಣ್ಣು ಹಾಯಿಸಿ’ ಎಂದು ಕಾಗದ ನನ್ನ ಕೈಗಿಟ್ಟರು. ಅಂದಿನಿಂದ ಆ ಸಾಲುಗಳು ತಲೆಯಲ್ಲಿ ಸುತ್ತುತ್ತಿವೆ.

ಮುಕ್ಕಾಲು ಪಾಲು ಸಾಲುಗಳಲ್ಲಿ ಯಮನಿದ್ದ, ಅವನ ಕೋಣವಿತ್ತು, ಹಗ್ಗವಿತ್ತು. ಯಮ ಈ ಕೆಲಸಕ್ಕೆ ಹೊಸಬನಲ್ಲ. 2018ರಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು ರಂಗಭೂಮಿಯ ಕಲಾವಿದರೊಬ್ಬರಿಗೆ ಯಮನ ವೇಷ ಹಾಕಿಸಿ ಹೆಲ್ಮೆಟ್ ಇಲ್ಲದವರ ಎದುರು ನಿಲ್ಲಿಸಿದ್ದರು. ನೋಡಲು ಚೆಂದವೇ. ಆದರೆ ಕಿರೀಟ, ಮೀಸೆ, ಗದೆ ಕಂಡ ಕೂಡಲೇ ನಮಗೆ ಬರುವುದು ಬಯಲಾಟದ ನೆನಪು, ಭಯವಲ್ಲ. ‘ಅತಿ ವೇಗ, ತಿಥಿ ಬೇಗ’ ಎಂಬ ಬೋರ್ಡನ್ನು ಓದಿ ನಕ್ಕು ಗಾಡಿಯ ವೇಗ ಕಡಿಮೆ ಮಾಡದೆ ಮುಂದೆ ಹೋಗುವವರನ್ನು ಎಲ್ಲರೂ ನೋಡಿದ್ದೇವೆ. ಘಟ್ಟದ ರಸ್ತೆಗಳಲ್ಲಿ ಕಾಣುವ ಮರಾಠಿ ಸಾಲು ‘ಅತಿ ಘಾಯಿ, ಸಂಕಟಾತ ನೇಯಿ’, ಅತಿ ಅವಸರ ಸಂಕಟಕ್ಕೆ ಒಯ್ಯುತ್ತದೆ ಎಂಬುದು, ನನಗೆ ಹೆಚ್ಚು ಹಿಡಿಸುತ್ತದೆ. ಅದು ಹೆದರಿಸುವುದಿಲ್ಲ, ಮನೆಯ ಅಜ್ಜಿಯ ಹಾಗೆ ಒಂದು ಮಾತು ಹೇಳಿ ಸುಮ್ಮನಾಗುತ್ತದೆ.

ಹೆಲ್ಮೆಟ್ಟಿಗೂ ಅಂಥ ಒಂದು ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ‘ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು.’ ದೊಡ್ಡ ಕಂಟಕವೊಂದು ಚಿಕ್ಕ ನಷ್ಟದಲ್ಲಿ ಕಳೆದುಹೋದಾಗ ಹಿರಿಯರು ಹೀಗೆ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಗಾದೆ ಹುಟ್ಟಿದಾಗ ಮೋಟಾರ್ ಸೈಕಲ್ ಇರಲಿಲ್ಲ. ಆದರೂ ಹೆಲ್ಮೆಟ್ಟಿನ ಒಳಗೆ ನಡೆಯುವುದು ಅಕ್ಷರಶಃ ಇದೇ.

ಹೆಲ್ಮೆಟ್ ತಲೆ ಕಾಯುವುದು ಹೊರಗಿನ ಗಟ್ಟಿ ಚಿಪ್ಪಿನಿಂದ ಎಂದು ಬಹಳ ಜನ ತಿಳಿದಿದ್ದಾರೆ. ಚಿಪ್ಪಿನ ಕೆಲಸ ಪೆಟ್ಟನ್ನು ಹರಡುವುದು, ಚೂಪಾದದ್ದು ಒಳಹೋಗದಂತೆ ತಡೆಯುವುದು. ನಿಜವಾದ ದುಡಿಮೆ ಅದರ ಒಳಗಿನ ಥರ್ಮಾಕೋಲಿನದು. ತಲೆ ಬರಿದಾಗಿ ರಸ್ತೆಗೆ ಬಡಿದರೆ ಅದು ಒಂದೆರಡು ಮಿಲಿಮೀಟರಿನೊಳಗೇ ಥಟ್ಟನೆ ನಿಂತುಬಿಡಬೇಕು. ಥರ್ಮಾಕೋಲ್ ಇದ್ದರೆ ಅದು ಅಪ್ಪಚ್ಚಿಯಾಗುತ್ತ ತಲೆಗೆ ನಿಲ್ಲಲು ಒಂದೆರಡು ಸೆಂಟಿಮೀಟರ್ ಜಾಗ ಕೊಡುತ್ತದೆ. ನಿಲ್ಲಲು ಸಿಗುವ ದೂರ ಹತ್ತು ಪಟ್ಟಾದರೆ ಪೆಟ್ಟಿನ ಬಲ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಅದಕ್ಕೇ ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ, ಎಸೆಯಬೇಕು. ತಮ್ಮನಿಗೆ ಕೊಟ್ಟುಬಿಡುವುದಲ್ಲ. ಮುಂಡಾಸು ಹೋಯಿತು, ತಲೆ ಉಳಿಯಿತು, ಲೆಕ್ಕ ಚುಕ್ತಾ.

ಈ ಗಾದೆಯನ್ನೇ ಮೊದಲ ಸಾಲು ಮಾಡಿ ಎಂದೆ. ಗೆಳೆಯರಿಗೆ ಒಪ್ಪಿಗೆಯಾಯಿತು. ಒಂದು ತೊಡಕು ಮಾತ್ರ ಉಳಿಯಿತು. ಮುಂಡಾಸು ತಲೆಯ ಮೇಲಿದ್ದರೆ ತಾನೇ ಅದಕ್ಕೆ ಹೋಗುವುದು?

ನಮ್ಮ ಚೌಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೆಲ್ಮೆಟ್ ಇಲ್ಲದವರಿಗಿಂತ ಇದ್ದೂ ಇಲ್ಲದವರು ಬಹಳ. ಕನ್ನಡಿಗೆ ತೂಗುಹಾಕಿದ್ದು, ಟ್ಯಾಂಕಿನ ಮೇಲೆ ಕೂರಿಸಿದ್ದು, ಮೊಣಕೈಗೆ ಏರಿಸಿಕೊಂಡದ್ದು, ಇನ್ನು ಕೆಲವರ ತಲೆಯ ಮೇಲೇ ಇದೆ, ಪಟ್ಟಿ ಮಾತ್ರ ಗಲ್ಲದ ಕೆಳಗೆ ಗಾಳಿಗೆ ಬಡಿಯುತ್ತಿದೆ. ಬಿದ್ದಾಗ ತಲೆಗೆ ಪೆಟ್ಟು ಒಂದೇ ಸಲ ಆಗುವುದು ಕಡಿಮೆ. ಮೊದಲು ಎದುರಿನ ಗಾಡಿಗೋ ಟ್ರೇಲರಿನ ಅಂಚಿಗೋ ತಾಗಿ, ಆಮೇಲೆ ನೆಲಕ್ಕೆ. ಕಟ್ಟದ ಹೆಲ್ಮೆಟ್ ಮೊದಲ ಪೆಟ್ಟಿಗೇ ಹಾರಿಹೋಗುತ್ತದೆ, ಎರಡನೆಯದಕ್ಕೆ ಸಿಗುವುದು ಬರಿ ತಲೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲೂ ಪಟ್ಟಿಯಿಂದ ಭದ್ರವಾಗಿ ಕಟ್ಟಿರಬೇಕೆಂದೇ ಇದೆ. ಆದರೆ ಕಾಗದದಲ್ಲಿದ್ದ ಅಷ್ಟೂ ಸಾಲುಗಳಲ್ಲಿ ಧರಿಸಿ, ಧರಿಸಿ ಎಂದಿತ್ತೇ ಹೊರತು ಕಟ್ಟಿ ಎಂಬ ಮಾತು ಒಂದರಲ್ಲೂ ಇರಲಿಲ್ಲ. ನಾನು ಒಂದು ಸಾಲು ಸೇರಿಸಿದೆ: ‘ಹಾಕಿದಿರಿ, ಕಟ್ಟಿದಿರಾ?’ ಗಲ್ಲಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ತೂರಿದರೆ ಸಾಕು, ಅದಕ್ಕಿಂತ ಸಡಿಲ ಬೇಡ. ಕಟ್ಟಿದ ಮೇಲೆ ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಉರುಳಿಸಿ ನೋಡಿ. ತಲೆಯಿಂದ ಕಳಚಿ ಬಂದರೆ ಆ ಅಳತೆ ನಿಮ್ಮದಲ್ಲ.

ಬೆಳ್ಳಿಯ ಊರಿನಲ್ಲಿ ಇನ್ನೊಂದು ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲ್ಗೆಜ್ಜೆ ಮಾಡುವ ಕಾರಿಗರರೊಬ್ಬರು ಅಂದು ನಮ್ಮ ಜೊತೆ ಕೂತಿದ್ದರು. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಕೊಂಡ ಅವರ ಹೆಲ್ಮೆಟ್ಟಿನ ಒಳಬಟ್ಟೆ ಸರಿಸಿ ತೋರಿಸಿದೆ. ಥರ್ಮಾಕೋಲ್ ಇರಬೇಕಾದಲ್ಲಿ ಹೆಬ್ಬೆರಳು ಒತ್ತಿದರೆ ಚಿಪ್ಪಿಗೇ ಮುಟ್ಟುವಂಥ ತೆಳ್ಳನೆಯ ಸ್ಪಂಜು.

‘ಟಂಚ್ ನೋಡ್ದ ಒಂದು ಗ್ರಾಂ ಬೆಳ್ಳಿ ತಗೊಳ್ಳಾಂಗಿಲ್ರಿ ನಾವು’ ಎಂದರು ಅವರು, ಸ್ವಲ್ಪ ನಾಚಿಕೊಂಡು. ‘ಇದಕ್ಕ ಟಂಚ್ ಎಲ್ಲಿ ನೋಡೂದ್ರಿ ಗುರೂಜಿ?’

ಹೆಲ್ಮೆಟ್ಟಿಗೂ ಟಂಚ್ ಇದೆ. ಹೊರಗೆ ಐಎಸ್‌ಐ ಗುರುತು, ಅದರ ಮೇಲುಗಡೆ ಐಎಸ್ 4151 ಎಂಬ ಸಂಖ್ಯೆ, ಕೆಳಗೆ ತಯಾರಕರ ಲೈಸೆನ್ಸ್ ಸಂಖ್ಯೆ. ಬರಿ ಗುರುತನ್ನು ಯಾರು ಬೇಕಾದರೂ ಅಂಟಿಸಬಹುದು. ಆ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಅದು ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಚಿನ್ನ ಬೆಳ್ಳಿಗೆ ಹಾಲ್‌ಮಾರ್ಕ್ ಕೊಡುವುದೂ ಇದೇ ಬಿಐಎಸ್. ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಆದೇಶ ಜಾರಿಯಾದದ್ದು 2021ರ ಜೂನ್ 1ಕ್ಕೆ. ಚಿನ್ನಕ್ಕೆ ಹಲವು ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದದ್ದೂ ಅದೇ ತಿಂಗಳು. ಒಂದನ್ನು ನಾವು ಭೂತಗನ್ನಡಿ ಹಿಡಿದು ನೋಡಿ ಕೊಳ್ಳುತ್ತೇವೆ, ಇನ್ನೊಂದರಲ್ಲಿ ಬಣ್ಣ ನೋಡಿ ಸುಮ್ಮನಾಗುತ್ತೇವೆ. ಕಾರಿಗರರೇ ಅಲ್ಲೇ ಒಂದು ಸಾಲು ಕಟ್ಟಿದರು: ‘ಬೆಳ್ಳಿಗೆ ಟಂಚ್, ತಲೆಗೆ ಐಎಸ್‌ಐ.’ ಬೇರೆ ಊರಿನಲ್ಲಿ ಇದಕ್ಕೆ ಅಷ್ಟು ಬೆಲೆ ಇರಲಿಕ್ಕಿಲ್ಲ, ಹುಪರಿಯಲ್ಲಿ ಇದೆ.

ಸಾಲು ಚೆನ್ನಾಗಿದ್ದರಷ್ಟೇ ಸಾಲದು, ಓದಲು ಆಗಬೇಕು. ನಲವತ್ತರ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಸರಿಯುತ್ತದೆ. ಐವತ್ತು ಮೀಟರ್ ದೂರದಿಂದ ಕಾಣುವ ಬೋರ್ಡು ಐದು ಸೆಕೆಂಡಿನೊಳಗೆ ಹಿಂದೆ ಬೀಳುತ್ತದೆ, ಅಷ್ಟರಲ್ಲೂ ಕಣ್ಣು ಬಹುಪಾಲು ರಸ್ತೆಯ ಮೇಲೇ ಇರಬೇಕು. ಹಾಗಾಗಿ ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ. ಅಕ್ಷರ ಅರ್ಧ ಗೇಣಾದರೂ ಎತ್ತರವಿರಲಿ, ಒತ್ತಕ್ಷರ ಕಡಿಮೆ ಇರಲಿ. ಎಂಟು ಸಾಲಿನ ಪದ್ಯ ಬರೆದು ಅದರ ಕೆಳಗೆ ದಾನಿಗಳ ಹೆಸರನ್ನು ಪದ್ಯಕ್ಕಿಂತ ದಪ್ಪಗೆ ಬರೆಸುವ ಚಟ ನಮ್ಮಲ್ಲಿ ಬಹಳ. ಅದನ್ನು ನಿಲ್ಲಿಸಿ ಎಂದೆ. ಅಲ್ಲಿ ಸ್ವಲ್ಪ ಗುಸುಗುಸು ಆಯಿತು.

ಇಷ್ಟಾದರೂ ಒಬ್ಬ ಹುಡುಗ ಕೇಳಿದ: ‘ಕಾಕಾ, ಪೇಟ್ಯಾಗ ಇಲ್ಲೇ ಹೋಗಿ ಬರೂದಕ್ಕ ಯಾಕ?’ ಈ ‘ಇಲ್ಲೇ’ ಎಂಬುದಕ್ಕೆ ಯಮನ ಬಳಿ ಉತ್ತರವಿಲ್ಲ, ಲೆಕ್ಕದ ಬಳಿ ಇದೆ. ಗಾಡಿಯ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತೇ ಇರಲಿ, ರವದಿಯ ಮೇಲೆ ಕಾಲು ಜಾರಿ ಮಗ್ಗುಲಿಗೆ ಬಿದ್ದರೂ, ಏನನ್ನೂ ಹಿಡಿದುಕೊಳ್ಳಲಾಗದಿದ್ದರೆ, ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್ ಆಗಿರುತ್ತದೆ. ಗಾಡಿಯ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಸರಿಯೇ. ಹುಡುಗ ಮೊಬೈಲ್ ತೆಗೆದು ತಾನೇ ಲೆಕ್ಕ ಹಾಕಿ ನೋಡಿದ. 19.5 ಬಂತು. ‘ಹೌದ್ರಿ ಕಾಕಾ’ ಎಂದ. ಇದು ಗೋಡೆಯ ಮೇಲೆ ಹಿಡಿಸದ ಮಾತು, ಮನೆಯ ಬಾಗಿಲ ಒಳಗೆ, ಕೀಲಿ ತೂಗುಹಾಕುವ ಮೊಳೆಯ ಪಕ್ಕ ಅಂಟಿಸುವ ಚೀಟಿಗೆ ತಕ್ಕದ್ದು. ಹಾಕಿಕೊಳ್ಳುವುದೋ ಬಿಡುವುದೋ ಎಂಬುದು ಚೌಕದಲ್ಲಲ್ಲ, ಆ ಮೊಳೆಯ ಮುಂದೆಯೇ ತೀರ್ಮಾನವಾಗುತ್ತದೆ.

ಕೊನೆಗೆ ಉಳಿದದ್ದು ಹಿಂದೆ ಕೂತವರ ಮಾತು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ ಎಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅವರಲ್ಲಿ 14,337 ಮಂದಿ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕೂತಿದ್ದವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು 2016ರ ಜನವರಿಯಲ್ಲೇ ಆದೇಶವಾಯಿತು. ಕಾಯ್ದೆ ನಾಲ್ಕು ವರ್ಷ ದಾಟಿದ ಮಗುವನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಮಾತ್ರ ಗಂಡ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದುಕೊಂಡಿರುತ್ತಾನೆ. ಹೆಂಡತಿ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸಂತೆಯ ಚೀಲ ಹಿಡಿದು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಕೂತಿರುತ್ತಾಳೆ. ದಂಡ ಬೀಳುವುದು ಮುಂದಿನವನಿಗೆ ಎಂದು ಹೆಲ್ಮೆಟ್ ಮನೆಗೆ ಒಂದೇ. ಇದನ್ನು ನೋಡಿ ಸುಮ್ಮನಿರುವುದು ನನಗೆ ಆಗುವುದಿಲ್ಲ. ಗಂಡಸರಿಗೆ ಸ್ವಲ್ಪ ಬಿರುಸಾಗಿಯೇ ಹೇಳುತ್ತೇನೆ: ಎರಡನೆಯ ಹೆಲ್ಮೆಟ್ ಕೊಳ್ಳುವವರೆಗೆ ಮೊದಲನೆಯದನ್ನು ಅವಳಿಗೆ ಕೊಡಿ.

ಕಾಗದದಲ್ಲಿ ಹಿಂದಿನವರಿಗೆಂದು ಇದ್ದದ್ದು ಒಂದೇ ಸಾಲು, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ‘ಹಿಂದೆ ಕೂತವರ ತಲೆಯೂ ತಲೆಯೇ.’ ಅದನ್ನು ಎಲ್ಲಿ ಬರೆಸುವುದೆಂದು ಚರ್ಚೆಯಾಯಿತು. ಓಡುವ ಗಾಡಿಯ ಹಿಂದೆ ಕೂತವರಿಗೆ ಎದುರಿನ ಬೋರ್ಡು ಕಾಣುವುದಿಲ್ಲ. ಆದರೆ ಪೆಟ್ರೋಲ್ ಪಂಪಿನಲ್ಲಿ ಅವರು ಇಳಿದು ಪಕ್ಕಕ್ಕೆ ಸರಿದು, ಟ್ಯಾಂಕ್ ತುಂಬುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ ನಿಂತಿರುತ್ತಾರೆ. ಆ ಗೋಡೆಯೇ ಸರಿ, ಎರಡು ಭಾಷೆಯಲ್ಲೂ ಬರೆಸಿ ಎಂದೆ. ಪಂಪಿನವರು ಗೋಡೆ ಕೊಡಲು ಒಪ್ಪಿದ್ದಾರಂತೆ. ಬಣ್ಣದ ಖರ್ಚು ಯಾರದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.