ಅರ್ಜಿಯ ಮೊದಲ ಸಾಲು

(ಸೀತೂರಿನಲ್ಲಿ ಆಡಿದ ಮಾತುಗಳ ಬರಹರೂಪ)



ಅರ್ಜಿ ಬರೆಯಲು ಕುಳಿತವರು ಮೊದಲು ತಡವರಿಸುವುದು ವಿಷಯಕ್ಕಲ್ಲ, ಸಂಬೋಧನೆಗೆ. 'ಮಾನ್ಯರೇ' ಎಂದರೆ ಸಾಕೇ, 'ಮಹಾಸ್ವಾಮಿ' ಎನ್ನಬೇಕೇ? ಒಂದು ಪದ ಕಡಿಮೆಯಾದರೆ ಸಾಹೇಬರಿಗೆ ಸಿಟ್ಟು ಬಂದು ಕೆಲಸ ಕೆಟ್ಟೀತೇ?

ಈ ಅಳುಕು ಹಳೆಯದು. ಅರಸರ ಕಾಲದಲ್ಲಿ ಅರ್ಜಿಯೆಂದರೆ ಬಿನ್ನಹ. 'ಮಹಾಸ್ವಾಮಿ', 'ಖಾವಂದರು' ಎಂಬ ಮಾತುಗಳು ಆ ಸಂಬಂಧದ ಉಳಿಕೆಗಳು. ಇಂದು ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಬರೆದು ಸಲ್ಲಿಸುವುದು ಪ್ರತಿಯೊಬ್ಬರ ಹಕ್ಕು. ಹಕ್ಕಿನಿಂದ ಕೇಳುವವರಿಗೆ ಮರ್ಯಾದೆಯ ಒಂದು ಮಾತು ಸಾಕು.

ಒಂದು ಉದಾಹರಣೆ ನೋಡೋಣ. ನಿಮ್ಮ ತೋಟದ ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎನ್ನಿ. ಮೇಲೆ 'ಮಾನ್ಯ ತಹಸೀಲ್ದಾರರು, ತಾಲ್ಲೂಕು ಕಚೇರಿ, ನರಸಿಂಹರಾಜಪುರ' ಎಂದು ಬರೆಯಿರಿ. ಕೆಳಗೆ 'ಮಾನ್ಯರೇ', ಆಮೇಲೆ ವಿಷಯ, ಸರ್ವೆ ನಂಬರು. ಅಧಿಕಾರಿಯ ಹೆಸರು ಬೇಡ. ಇಂದು ಇದ್ದವರು ನಾಳೆ ವರ್ಗವಾದಾರು. ಹುದ್ದೆಗೆ ಬರೆದ ಅರ್ಜಿ ಮುಂದೆ ಬಂದವರಿಗೂ ಸಲ್ಲುತ್ತದೆ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಇದೇ ಅರ್ಜಿಯನ್ನು 'ಸನ್ಮಾನ್ಯ ಕಂದಾಯ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು' ಎಂದು ಬರೆದು ಕಳಿಸಿದರೆ? ಸಂಬೋಧನೆ ಸರಿಯೇ. ಆದರೆ 'ಪರಿಶೀಲಿಸಿ' ಎಂಬ ಷರಾ ಹೊತ್ತು ಅದು ಸಾಮಾನ್ಯವಾಗಿ ಕೆಳಗಿನ ಕಚೇರಿಗೇ ಇಳಿದು ಬರುತ್ತದೆ. ತಹಸೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಭೂಕಂದಾಯ ಕಾಯ್ದೆಯ 136ನೇ ಕಲಮಿನಂತೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗಬೇಕು. ಬಿರುದು ದೊಡ್ಡದಾದಷ್ಟೂ ದಾರಿ ಹತ್ತಿರವಾಗುವುದಿಲ್ಲ.

ನ್ಯಾಯಾಧೀಶರ ವಿಚಾರ ಬೇರೆ. ದಾವೆಯ ತಲೆಯಲ್ಲಿ ಇರಬೇಕಾದದ್ದು ನ್ಯಾಯಾಲಯದ ಹೆಸರು, ನ್ಯಾಯಾಧೀಶರದಲ್ಲ. 'ಇಂಥ ನ್ಯಾಯಾಲಯದಲ್ಲಿ' ಎಂದು ಆರಂಭಿಸಿ, ಒಳಗೆ 'ಮಾನ್ಯ ನ್ಯಾಯಾಲಯ' ಎಂದರಾಯಿತು. ನಡೆಯುತ್ತಿರುವ ಮೊಕದ್ದಮೆಯ ಬಗ್ಗೆ ನ್ಯಾಯಾಧೀಶರ ಹೆಸರಿಗೆ ಖಾಸಗಿ ಕಾಗದ ಬರೆಯುವುದು, ಎಷ್ಟೇ ವಿನಯದಿಂದಿದ್ದರೂ, ತಪ್ಪು. ಎದುರು ಪಕ್ಷದವರು ಕಾಣದ ಮಾತು ಅಲ್ಲಿ ನಡೆಯದು.

ವಕೀಲರು ಬಾಯಲ್ಲಿ ಹೇಳುವ 'ಮೈ ಲಾರ್ಡ್' ಕೂಡ ಕಡ್ಡಾಯವಲ್ಲ. ಅದು ವಸಾಹತು ಕಾಲದ ಪಳೆಯುಳಿಕೆ ಎಂದು ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ನಿಯಮ ತಂದು, ಕೆಳ ನ್ಯಾಯಾಲಯಗಳಲ್ಲಿ 'ಸರ್' ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕೆಂದಿತು. ಗೌರವದಿಂದ ಕರೆದರೆ ಸಾಕು, ಇಂಥದೇ ಪದ ಬೇಕೆಂದು ತಾವು ಕೇಳಿಲ್ಲ ಎಂಬ ಅರ್ಥದ ಮಾತನ್ನು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಆದ್ದರಿಂದ ಇನ್ನು ಬರೆಯುವಾಗ 'ಏನೆಂದು ಕರೆಯಲಿ' ಎನ್ನುವ ಮೊದಲು 'ಈ ಕೆಲಸ ಯಾರ ಕೈಯಲ್ಲಿದೆ' ಎಂದು ಕೇಳಿಕೊಳ್ಳಿ. ಹುದ್ದೆ ಸರಿಯಾಗಿದ್ದರೆ 'ಮಾನ್ಯರೇ' ಎಂಬ ಒಂದು ಪದ ಅರ್ಜಿಯ ಭಾರವನ್ನು ಹೊತ್ತೀತು.