ಕರೆಂಟ್ ಬಾಕ್ಸಿನ ಫೋಟೋ ನೋಡಿ ಏನು ಹೇಳಬಹುದು?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಕಳೆದ ಸಭೆ ಮುಗಿದ ಮೇಲೆ ಒಬ್ಬ ಸದಸ್ಯೆ ನಮ್ಮ ಹತ್ತಿರ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅವರು ಹೊಸದಾಗಿ ಬಾಡಿಗೆ ಮನೆಗೆ ಹೋಗಿದ್ದಾರೆ, ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. "ಅಕ್ಕಾ, ಬಚ್ಚಲಿನಲ್ಲಿ ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಕೈ ಸ್ವಲ್ಪ ಜುಮ್ ಅನ್ನುತ್ತದೆ. ಓನರ್ ಹತ್ತಿರ ಹೇಳಿದೆ. 'ಬಾಕ್ಸಿನಲ್ಲಿ ಶಾಕ್ ಹೊಡೆಯದ ಹಾಗೆ ಇಎಲ್‌ಸಿಬಿ ಹಾಕಿಸಿದ್ದೇನೆ, ದೊಡ್ಡದು ಕಾಣುವುದಿಲ್ವಾ' ಅಂದರು. ಇದರಲ್ಲಿ ಅದು ಯಾವುದು?" ಎಂದು ಕೇಳಿದರು.

ನಮಗೆ ತಿಳಿದದ್ದು ಸ್ವಲ್ಪ, ಆದ್ದರಿಂದ ನಮ್ಮ ತರಬೇತಿಗೆ ಬರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಫೋಟೋ ಓದಿದೆವು. ಓದಿದ ಕ್ರಮವನ್ನೇ ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ.

ಬಾಕ್ಸಿನಲ್ಲಿ ಎಡಗಡೆ ಎರಡು ಸ್ವಿಚ್ಚಿನಷ್ಟು ಅಗಲದ ಒಂದು ದೊಡ್ಡದು, ಅದರ ಪಕ್ಕದಲ್ಲಿ ನಾಲ್ಕು ಸಣ್ಣವು ಇದ್ದವು. ಓನರ್ ಹೇಳಿದ್ದು ಆ ದೊಡ್ಡದನ್ನೇ. ನಾವು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆವು. ಅದರ ಮೇಲೆ 40 ಆಂಪ್ ಎಂದು ಬರೆದಿತ್ತು, ವೋಲ್ಟ್ ಬರೆದಿತ್ತು, ಅಷ್ಟೇ. ಒತ್ತುವ ಗುಂಡಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಕೂಡಲೇ ಹೇಳಿದರು, "ಇದು ಐಸೊಲೇಟರ್. ಬರೀ ಮೈನ್ ಸ್ವಿಚ್. ಕೈಯಿಂದ ಇಳಿಸಿದರೆ ಮಾತ್ರ ಇಳಿಯುತ್ತದೆ, ತಾನಾಗಿ ಬೀಳುವುದಿಲ್ಲ."

ಹಾಗಾದರೆ ನಿಜವಾದದ್ದನ್ನು ಗುರುತಿಸುವುದು ಹೇಗೆ? ನಾವು ರೂಢಿಯಲ್ಲಿ ಇಎಲ್‌ಸಿಬಿ ಅನ್ನುವುದಕ್ಕೆ ಈಗಿನ ಡಬ್ಬಿಯ ಮೇಲೆ ಆರ್‌ಸಿಸಿಬಿ ಎಂದಿರುತ್ತದೆ. ನೋಡಲು ಐಸೊಲೇಟರಿನ ಹಾಗೇ ಅಗಲ. ಆದರೆ ಅದರ ಮುಖದ ಮೇಲೆ ಒಂದು ಸಣ್ಣ ಗುಂಡಿ ಇದ್ದೇ ಇರುತ್ತದೆ, ಇಂಗ್ಲಿಷಿನ ಟಿ ಅಕ್ಷರ ಅಥವಾ ಟೆಸ್ಟ್ ಎಂಬ ಪದ ಅದರ ಹತ್ತಿರ ಇರುತ್ತದೆ. ಇನ್ನೊಂದು ಗುರುತು, 30 ಮಿಲಿ ಆಂಪ್ ಅಥವಾ 0.03 ಆಂಪ್ ಎಂಬ ಬರಹ. ಎರಡೂ ಒಂದೇ. ಹೋಗುವ ಕರೆಂಟಿಗೂ ವಾಪಸು ಬರುವ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಯಿಂದಲೋ ನೀರಿನ ಪೈಪಿನಿಂದಲೋ ನೆಲಕ್ಕೆ ಸೋರಿದರೆ, ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಳುತ್ತದೆ. ಕೆಲವು ಕಡೆ 100 ಅಥವಾ 300 ಮಿಲಿ ಆಂಪಿನದ್ದನ್ನು ಹಾಕಿರುತ್ತಾರೆ. ಅದು ಬೆಂಕಿ ಅನಾಹುತ ತಡೆಯಲು ಉಪಯೋಗ, ಮನುಷ್ಯರ ಜೀವ ಉಳಿಸಲು ಅದನ್ನು ನಂಬುವಂತಿಲ್ಲ. ಅದೇ ಮುಖದ ಮೇಲೆ 40 ಆಂಪ್, 63 ಆಂಪ್ ಎಂದೂ ಇರುತ್ತದೆ. ಅದು ಹೊರಬಹುದಾದ ಕರೆಂಟು ಮಾತ್ರ, ದೊಡ್ಡ ಅಂಕೆ ನೋಡಿ ಮೋಸ ಹೋಗಬೇಡಿ.

ಆಮೇಲೆ ನಾಲ್ಕು ಸಣ್ಣವನ್ನು ನೋಡಿದೆವು. ಇವು ಎಂಸಿಬಿಗಳು, ಹಳೆ ಮನೆಗಳ ಪಿಂಗಾಣಿ ಫ್ಯೂಸಿನ ಜಾಗಕ್ಕೆ ಬಂದವು. (ಪಿಂಗಾಣಿ ಫ್ಯೂಸಿನ ಮೇಲೆ ಬರೆದ ಅಂಕೆ ನೋಡಿ ಪ್ರಯೋಜನವಿಲ್ಲ, ಒಳಗೆ ಎಂಥ ದಪ್ಪದ ತಂತಿ ಕಟ್ಟಿದ್ದಾರೋ ಅದೇ ಲೆಕ್ಕ.) ಎಂಸಿಬಿಯ ಮೇಲೆ ಸಾಮಾನ್ಯವಾಗಿ ಸಿ ಅಕ್ಷರ, ಅದಕ್ಕೆ ಅಂಟಿಕೊಂಡು ಒಂದು ಅಂಕೆ. ಸಿ 10 ಎಂದರೆ 10 ಆಂಪಿನದ್ದು. ಚೌಕದೊಳಗೆ 6000 ಅಥವಾ 10000 ಎಂದು ಇರುವುದು ಬೇರೆ ವಿಷಯ, ಅದರ ತಲೆಬಿಸಿ ನಮಗೆ ಬೇಡ.

ಫೋಟೋದಲ್ಲಿ ಎರಡು ಸಿ 10, ಒಂದು ಸಿ 16, ಇನ್ನೊಂದು ಸಿ 32. ಈ 32ರ ಕೆಳಗೆ ಬಾಲ್‌ಪೆನ್ನಿನಲ್ಲಿ 'ಗೀಸರ್' ಎಂದು ಬರೆದು ಅಂಟಿಸಿದ್ದರು. ಎಲೆಕ್ಟ್ರಿಷಿಯನ್ ಅಲ್ಲಿಯೇ ನಿಂತರು. ಅವರ ಲೆಕ್ಕ ಹೀಗಿತ್ತು. ಆ ಗೀಸರ್ 2000 ವ್ಯಾಟಿನದ್ದು. 2000ವನ್ನು 230 ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ 9 ಆಂಪ್. ಅದಕ್ಕೆ 16ರದ್ದು ಧಾರಾಳ ಸಾಕು. ಮತ್ತೆ 32 ಯಾಕೆ?

ಸದಸ್ಯೆಯನ್ನು ಕೇಳಿದಾಗ ವಿಷಯ ಹೊರಗೆ ಬಂತು. ಹಿಂದಿನ ಬಾಡಿಗೆಯವರು ಅದೇ ಲೈನಿನಿಂದ 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಮತ್ತು 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಸಹ ಉಪಯೋಗಿಸುತ್ತಿದ್ದರಂತೆ. ಮೂರೂ ಒಟ್ಟಿಗೆ ಹಾಕಿದರೆ 4500 ವ್ಯಾಟ್, ಅಂದರೆ ಸುಮಾರು 20 ಆಂಪ್. ಎಂಸಿಬಿ ಸ್ವಲ್ಪ ಹೊತ್ತು ತಡೆದುಕೊಂಡು ಆಮೇಲೆ ಬೀಳುತ್ತಿತ್ತು. ದಿನಾ ಗಲಾಟೆ ಬೇಡ ಎಂದು ಯಾರೋ ದೊಡ್ಡದನ್ನು ಕೂರಿಸಿಬಿಟ್ಟರು.

ಇಲ್ಲಿ ಸ್ವಲ್ಪ ಗಮನ ಕೊಡಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವೈರು ಪೈಪಿನೊಳಗೆ 13ರಿಂದ 16 ಆಂಪಿನವರೆಗೆ ಸುಖವಾಗಿ ಹೊರುತ್ತದೆ. ಅದರ ಮುಂದೆ 32 ಇಟ್ಟರೆ ವೈರು ಕಾದು ಮೇಲಿನ ಪ್ಲಾಸ್ಟಿಕ್ ಮೆತ್ತಗಾದರೂ ಎಂಸಿಬಿ ಸುಮ್ಮನೆ ಕೂತಿರುತ್ತದೆ. ಆದರೆ ಆ ಮನೆಯ ವೈರು ಒಂದೂವರೆಯದ್ದೋ, ಎರಡೂವರೆಯದ್ದೋ, ನಾಲ್ಕರದ್ದೋ ಫೋಟೋ ನೋಡಿ ಹೇಳಲು ಸಾಧ್ಯವಿಲ್ಲ. ಅದು ವೈರಿನ ಮೈಮೇಲೆ ಅಚ್ಚಾಗಿರುತ್ತದೆ, ಮುಚ್ಚಳ ಬಿಚ್ಚಿದರೆ ಮಾತ್ರ ಕಾಣುತ್ತದೆ. ಅರ್ಥಿಂಗ್ ಸರಿ ಇದೆಯಾ ಎಂಬುದೂ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಹಾಗೆಂದು ನೀವು ಸ್ಕ್ರೂ ಬಿಚ್ಚಲು ಹೋಗಬೇಡಿ. ಐಸೊಲೇಟರ್ ಇಳಿಸಿದರೂ ಅದಕ್ಕೆ ಬರುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ನಿಮ್ಮ ಕೆಲಸ ಒಣಗಿದ ಕೈಯಿಂದ ಹೊರಗಿನ ಬಾಗಿಲು ತೆರೆದು, ಎದುರು ನಿಂತು ಒಂದು ಪೂರ್ತಿ ಫೋಟೋ, ಅಂಕೆ ಕಾಣುವಂತೆ ಹತ್ತಿರದಿಂದ ಇನ್ನೊಂದು ತೆಗೆಯುವುದು. ಕಂದು ಕಲೆ, ಕರಗಿದ ಅಂಚು ಇದ್ದರೆ ಅದರದ್ದೂ ಒಂದು.

ಆ ಸದಸ್ಯೆಗೆ ನಾವು ಮೊದಲು ಹೇಳಿದ್ದು ಗೀಸರಿನ ವಿಷಯ. ಜುಮ್ ಅನ್ನುವ ಗೀಸರನ್ನು ರಿಪೇರಿಯಾಗುವವರೆಗೆ ಹಾಕಲೇಬಾರದು, ಅದರ ಎಂಸಿಬಿ ಇಳಿಸಿಡಬೇಕು, ನೀರು ಒಲೆಯಲ್ಲಿ ಕಾಯಲಿ. ಮತ್ತೆ ಓನರ್ ಹತ್ತಿರ "ಬಾಕ್ಸ್ ಸರಿಯಿಲ್ಲ" ಎಂದು ಒಟ್ಟಾರೆ ಹೇಳಿದರೆ ಕೆಲಸವಾಗುವುದಿಲ್ಲ. ಫೋಟೋ ತೋರಿಸಿ ಮೂರೇ ಮಾತು ಕೇಳಿ ಎಂದೆವು. ಟೆಸ್ಟ್ ಗುಂಡಿ ಇರುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ, ಗೀಸರ್ ಲೈನಿನ ವೈರು ನೋಡಿಸಿ ಅದಕ್ಕೆ ತಕ್ಕ ಎಂಸಿಬಿ ಕೂರಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಕೆಲಸ ಲೈಸೆನ್ಸ್ ಇರುವವರಿಂದ.

ಓನರ್ ಮೊದಲು ಗೊಣಗಿದರಂತೆ. ಫೋಟೋದಲ್ಲಿ ಗುಂಡಿ ಎಲ್ಲಿದೆ ತೋರಿಸಿ ಎಂದು ಇವರು ಕೇಳಿದಾಗ ಸುಮ್ಮನಾಗಿ ಎಲೆಕ್ಟ್ರಿಷಿಯನ್ನನ್ನು ಕಳುಹಿಸಿದರು. ವೈರು ಒಂದೂವರೆಯದ್ದೇ ಆಗಿತ್ತು. ಅದನ್ನು ಎರಡೂವರೆಗೆ ಬದಲಾಯಿಸಿ ಸಿ 16 ಹಾಕಿದರು. ಆರ್‌ಸಿಸಿಬಿ ಕೂರಿಸಿ ಗೀಸರ್ ಹಾಕಿದ ತಕ್ಷಣ ಅದು ಟಪ್ ಎಂದು ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. "ಇದು ತೊಂದರೆ, ತಪ್ಪಿಸಿ ನೇರ ಕೊಡಲಾ?" ಎಂದು ಬಂದವರು ಕೇಳಿದ್ದರಂತೆ. ಸದಸ್ಯೆ ಒಪ್ಪಲಿಲ್ಲ. ಗೀಸರ್ ಬಿಚ್ಚಿ ನೋಡಿದಾಗ ಒಳಗಿನ ಕಾಯಿಲ್ ಒಡೆದು ನೀರಿಗೆ ಕರೆಂಟು ಸೋರುತ್ತಿತ್ತು, ಅರ್ಥ್ ವೈರಿನ ತುದಿಯೂ ಕಳಚಿಕೊಂಡಿತ್ತು. ಹೊಸ ಕಾಯಿಲ್ ಹಾಕಿ ಅರ್ಥ್ ಕಟ್ಟಿದ ಮೇಲೆ ಆರ್‌ಸಿಸಿಬಿ ನಿಂತಿತು, ನಲ್ಲಿ ಜುಮ್ ಅನ್ನುವುದೂ ನಿಂತಿತು.

ಒಂದು ಮಾತು ಬಿಟ್ಟುಹೋಯಿತು. ಆರ್‌ಸಿಸಿಬಿ ಇದ್ದರೂ ಒಬ್ಬರು ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದರ ಲೆಕ್ಕದಲ್ಲಿ ಅವರೂ ಒಂದು ಬಲ್ಬು. ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಕರೆಂಟು ಇರುವಾಗ ಒತ್ತಬೇಕು, ಒತ್ತಿದ ಕೂಡಲೇ ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ಆ ಸದಸ್ಯೆ ಈಗ ನಮ್ಮ ಸಂಘದ ಉಳಿತಾಯ ಕಟ್ಟುವ ದಿನವೇ ಮನೆಗೆ ಹೋಗಿ ಗುಂಡಿ ಒತ್ತುತ್ತಾರೆ, ಮರೆಯಬಾರದೆಂದು.